ಬಾಡಿಗೆ ಕರಾರನ್ನು ಚಾಟ್‌ಬಾಟ್‌ನಿಂದ ತಿಳಿದುಕೊಳ್ಳುವ ಕ್ರಮ: ಎಲ್ಲಿಯವರೆಗೆ ಅದು ಸಾಕು, ಎಲ್ಲಿ ವಕೀಲರೇ ಬೇಕು

ಬಾಡಿಗೆ ಕರಾರನ್ನು ಚಾಟ್‌ಬಾಟ್‌ಗೆ ಕೊಟ್ಟು ಓದಿಸುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಹತ್ತು ಹನ್ನೆರಡು ಪುಟದ ಕಡತವನ್ನು ಹಾಕುತ್ತಾರೆ, ಸಾರಾಂಶ ಕೊಡು, ತೊಂದರೆ ಏನಾದರೂ ಇದೆಯೇ ಹೇಳು ಎಂದು ಕೇಳುತ್ತಾರೆ. ಅಚ್ಚುಕಟ್ಟಾದ ಹತ್ತು ಸಾಲು ಬರುತ್ತದೆ. ಅವಧಿ ಇಷ್ಟು, ಬಾಡಿಗೆ ಇಷ್ಟು, ನೋಟಿಸ್ ಇಷ್ಟು ದಿನ. ಅದನ್ನು ಓದಿ ಸಹಿ ಹಾಕಿದವರಿಗೆ ಮನೆ ಬಿಡುವ ದಿನ ಗೊತ್ತಾಗುತ್ತದೆ, ಆ ಹತ್ತು ಸಾಲಿನಲ್ಲಿ ಇಲ್ಲದ್ದೇ ತಮ್ಮ ಠೇವಣಿಯನ್ನು ನುಂಗಿದೆ ಎಂದು.

ಕರಾರು ನಮ್ಮನ್ನು ಕಟ್ಟಿಹಾಕುವುದು ಮುಖ್ಯ ವಾಕ್ಯಗಳಿಂದಲ್ಲ, ಅವುಗಳಿಗೆ ಅಂಟಿಕೊಂಡ ವಿನಾಯಿತಿಗಳಿಂದ. ಸಾರಾಂಶ ಎಂದರೆ ವಿನಾಯಿತಿಗಳನ್ನು ಬಿಟ್ಟು ಮುಖ್ಯವಾದದ್ದನ್ನು ಹೇಳುವುದು. ಆದ್ದರಿಂದ ಸಾರಾಂಶ ಕೇಳಿದವರಿಗೆ ಯಂತ್ರ ಮೋಸ ಮಾಡಿದಂತಲ್ಲ. ಅವರು ಕೇಳಿದ್ದನ್ನೇ ಅದು ಕೊಟ್ಟಿದೆ, ಕೇಳಬೇಕಾದದ್ದು ಬೇರೆ ಇತ್ತು.

ಈ ಮಾರ್ಗದರ್ಶಿಯುದ್ದಕ್ಕೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತೇವೆ. ಒಂದು, ಈ ಕಾಗದದಲ್ಲಿ ಏನು ಬರೆದಿದೆ? ಇನ್ನೊಂದು, ಹಾಗೆ ಬರೆದದ್ದು ಕಾನೂನಿನಲ್ಲಿ ನಿಲ್ಲುತ್ತದೆಯೇ? ಮೊದಲನೆಯದಕ್ಕೆ ಚಾಟ್‌ಬಾಟ್ ಒಳ್ಳೆಯ ಸಹಾಯಕ, ಏಕೆಂದರೆ ಉತ್ತರ ನಿಮ್ಮ ಕೈಯಲ್ಲಿರುವ ಕಾಗದದಲ್ಲೇ ಇದೆ, ತಪ್ಪಿದರೆ ನೀವೇ ಹಿಡಿಯಬಹುದು. ಎರಡನೆಯದರ ಉತ್ತರ ಕಾಗದದ ಹೊರಗಿದೆ.

## ಮೊದಲು ಕೈಯಲ್ಲಿರಬೇಕಾದದ್ದು

ಕರಾರಿನ ಪೂರ್ತಿ ಕರಡು, ಒಂದು ಮುದ್ರಿತ ಪ್ರತಿ, ಎರಡು ಬಣ್ಣದ ಪೆನ್ನು, ಗೋಡೆಗೆ ಹಾಕುವಂಥ ಒಂದು ಕ್ಯಾಲೆಂಡರ್, ಕಡತವನ್ನು ಓದಬಲ್ಲ ಯಾವುದಾದರೂ ಚಾಟ್‌ಬಾಟ್. ಮುದ್ರಿತ ಪ್ರತಿ ಏಕೆ ಎಂದರೆ, ಪರದೆಯ ಮೇಲೆ ಬಂದ ವಿವರಣೆಯನ್ನು ಪರದೆಯ ಮೇಲೆಯೇ ಹೋಲಿಸಲು ಹೊರಟವರು ಮೂರನೆಯ ಷರತ್ತಿನ ಹೊತ್ತಿಗೆ ಮೂಲವನ್ನು ನೋಡುವುದನ್ನೇ ಬಿಡುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸಮಯ ಎರಡು ಗಂಟೆ ಇಟ್ಟುಕೊಳ್ಳಿ. ಸಹಿ ಹಾಕುವ ದಿನ ಬೆಳಿಗ್ಗೆ ಈ ಕೆಲಸ ಮಾಡಬೇಡಿ. ಸಂದೇಹ ಎದ್ದರೆ ಮಾಲೀಕರನ್ನು ಕೇಳಲು, ತಿದ್ದಿಸಲು, ಬೇಕಾದರೆ ವಕೀಲರಿಗೆ ತೋರಿಸಲು ಎರಡು ಮೂರು ದಿನವಾದರೂ ಉಳಿದಿರಬೇಕು.

## ಹಂತ 1: ಕಾಗದವನ್ನು ಪೂರ್ತಿ ಮಾಡಿಕೊಳ್ಳಿ

ಪುಟಸಂಖ್ಯೆ ಎಣಿಸಿ. ಆಮೇಲೆ ಕರಾರಿನೊಳಗೆ ಹೆಸರಿಸಿದ ಬೇರೆ ಕಾಗದಗಳನ್ನು ಹುಡುಕಿ: "ಅನುಬಂಧದಲ್ಲಿ ತೋರಿಸಿದಂತೆ", "ಕಟ್ಟಡದ ನಿಯಮಗಳಿಗೆ ಬದ್ಧರಾಗಿ", "ಈ ಹಿಂದಿನ ಕರಾರಿನ ಷರತ್ತುಗಳು ಮುಂದುವರಿಯತಕ್ಕದ್ದು" ಎಂಬಂಥ ಮಾತುಗಳು. ಹೀಗೆ ಹೆಸರಿಸಿದ ಪ್ರತಿಯೊಂದೂ ಕರಾರಿನ ಭಾಗವೇ. ಅದು ನಿಮ್ಮ ಬಳಿ ಇಲ್ಲದಿದ್ದರೆ ಈಗಲೇ ಕೇಳಿ ತರಿಸಿಕೊಳ್ಳಿ.

ಕಾಗದ ಕೊರತೆಯಿದ್ದಾಗ ಚಾಟ್‌ಬಾಟ್ ಕೆಲಸ ನಿಲ್ಲಿಸುವುದಿಲ್ಲ. ಸಾಮಾನ್ಯವಾಗಿ ಅಂಥ ಅನುಬಂಧದಲ್ಲಿ ಏನಿರುತ್ತದೆಯೋ ಅದನ್ನು ಊಹಿಸಿ, ನಿಮ್ಮದರಲ್ಲೂ ಅದೇ ಇದೆ ಎಂಬ ಧಾಟಿಯಲ್ಲಿ ವಿವರಿಸಿಬಿಡಬಹುದು. ಓದುವವರಿಗೆ ಊಹೆ ಯಾವುದು, ಓದಿದ್ದು ಯಾವುದು ಎಂದು ಬೇರ್ಪಡಿಸಲು ದಾರಿಯೇ ಇರುವುದಿಲ್ಲ.

## ಹಂತ 2: ಗುರುತಿನ ವಿವರಗಳನ್ನು ತೆಗೆಯಿರಿ

ಷರತ್ತಿನ ಅರ್ಥ ತಿಳಿಯಲು ನಿಮ್ಮ ಹೆಸರಾಗಲಿ ಮಾಲೀಕರ ತಂದೆಯ ಹೆಸರಾಗಲಿ ಬೇಕಿಲ್ಲ. ಹೆಸರು, ವಿಳಾಸ, ಫೋನ್ ಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆ, ಸಹಿ, ಭಾವಚಿತ್ರ, ಸಾಕ್ಷಿಗಳ ವಿವರ ಎಲ್ಲವನ್ನೂ ತೆಗೆದು, ಆ ಜಾಗದಲ್ಲಿ "ಮಾಲೀಕ", "ಬಾಡಿಗೆದಾರ", "ಸಾಕ್ಷಿ 1" ಎಂದು ಹಾಕಿ. ದಿನಾಂಕ, ಮೊತ್ತ, ಅವಧಿಗಳನ್ನು ಮಾತ್ರ ಮುಟ್ಟಬೇಡಿ. ಅವಿಲ್ಲದೆ ಮುಂದಿನ ಹಂತಗಳು ನಡೆಯುವುದಿಲ್ಲ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಪಿಡಿಎಫ್ ಕಡತದ ಮೇಲೆ ಕಪ್ಪು ಪಟ್ಟಿ ಎಳೆದು, ಅಕ್ಷರ ಮುಚ್ಚಿತು ಎಂದುಕೊಳ್ಳುತ್ತಾರೆ. ಪಟ್ಟಿಯ ಕೆಳಗೆ ಅಕ್ಷರ ಹಾಗೆಯೇ ಕುಳಿತಿರಬಹುದು. ಕಣ್ಣಿಗೆ ಕಾಣದಿದ್ದರೂ ಯಂತ್ರಕ್ಕೆ ಸಿಗುತ್ತದೆ. ಸುಲಭದ ದಾರಿ ಎಂದರೆ ಮುದ್ರಿತ ಪ್ರತಿಯಲ್ಲಿ ಆ ಜಾಗಗಳಿಗೆ ಕಾಗದದ ಚೂರು ಅಂಟಿಸಿ ಫೋಟೊ ತೆಗೆಯುವುದು, ಅಥವಾ ಷರತ್ತುಗಳನ್ನಷ್ಟೇ ನಕಲು ಮಾಡಿ ಅಂಟಿಸುವುದು. ಚಾಟ್‌ಬಾಟ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾತುಕತೆಯನ್ನು ತರಬೇತಿಗೆ ಬಳಸದಂತೆ ತಡೆಯುವ ಆಯ್ಕೆ ಇದ್ದರೆ ಅದನ್ನೂ ಈಗಲೇ ಬದಲಿಸಿ.

## ಹಂತ 3: ಅದು ಓದಿದ್ದು ಸರಿಯೇ ಎಂದು ನೋಡಿ

ವಿವರಣೆ ಕೇಳುವ ಮೊದಲು ಓದನ್ನು ಪರೀಕ್ಷಿಸಬೇಕು. ಈ ಹಂತವನ್ನು ಬಿಟ್ಟವರೇ ಹೆಚ್ಚು. ಹೀಗೆ ಬರೆಯಿರಿ:

> ಈ ಕರಾರಿನಲ್ಲಿರುವ ಎಲ್ಲ ಷರತ್ತುಗಳ ಸಂಖ್ಯೆ, ಪ್ರತಿಯೊಂದರ ಮೊದಲ ಐದು ಪದ ಮತ್ತು ಕೊನೆಯ ಐದು ಪದಗಳನ್ನು ಮೂಲದಲ್ಲಿ ಇರುವಂತೆಯೇ ಬರೆ. ವಿವರಣೆ ಬೇಡ. ಓದಲಾಗದ ಕಡೆ "ಓದಲಾಗಲಿಲ್ಲ" ಎಂದು ಬರೆ.

ಬಂದ ಪಟ್ಟಿಯನ್ನು ಮುದ್ರಿತ ಪ್ರತಿಯ ಜೊತೆ ಹೋಲಿಸಿ. ನಡುವೆ ಷರತ್ತು ಹಾರಿಹೋಗಿದ್ದರೆ ಕಡತ ಉದ್ದವಾಗಿರಬಹುದು. ಎರಡು ಮೂರು ಪುಟಗಳಂತೆ ಭಾಗ ಮಾಡಿ ಕೊಡಿ. ಆಮೇಲೆ ಎಲ್ಲ ಅಂಕಿಗಳನ್ನೂ ಪಟ್ಟಿ ಮಾಡಿಸಿ: ದಿನ, ತಿಂಗಳು, ಮೊತ್ತ, ಶೇಕಡಾವಾರು. ಮಸುಕಾದ ಫೋಟೊದಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗುವುದು ಮಾಮೂಲಿ.

ಕೊನೆಯ ಐದು ಪದಗಳನ್ನು ಕೇಳುವುದಕ್ಕೆ ಕಾರಣವಿದೆ. ಕನ್ನಡದ ಕರಾರಿನಲ್ಲಿ ನಿಷೇಧ ಬರುವುದು ವಾಕ್ಯದ ತುದಿಯಲ್ಲಿ, ಅದೂ ಪದದ ಬಾಲದಲ್ಲಿ. "ಹಿಂದಿರುಗಿಸತಕ್ಕದ್ದು" ಎಂದರೆ ಕೊಡಲೇಬೇಕು, "ಹಿಂದಿರುಗಿಸತಕ್ಕದ್ದಲ್ಲ" ಎಂದರೆ ಕೊಡಬೇಕಾಗಿಲ್ಲ. ಫೋಟೊದ ಅಂಚಿನಲ್ಲಿ ಆ ಒಂದು "ಲ್ಲ" ಕತ್ತರಿಸಿಹೋದರೆ ಠೇವಣಿಯ ಷರತ್ತು ತಲೆಕೆಳಗಾಗುತ್ತದೆ, ವಿವರಣೆ ಮಾತ್ರ ಎಂದಿನಷ್ಟೇ ನಯವಾಗಿ ಬರುತ್ತದೆ.

## ಹಂತ 4: ಒಂದೊಂದೇ ಷರತ್ತಿನ ಅರ್ಥ ಕೇಳಿ

ಈಗ ವಿವರಣೆಗೆ ಬನ್ನಿ. ಒಮ್ಮೆಗೆ ನಾಲ್ಕೈದು ಷರತ್ತು ಸಾಕು.

> ಷರತ್ತು 1ರಿಂದ 5ರವರೆಗೆ ಒಂದೊಂದನ್ನೇ ತೆಗೆದುಕೊ. ಮೊದಲು ಮೂಲ ವಾಕ್ಯವನ್ನು ಹಾಗೆಯೇ ಬರೆ. ಆಮೇಲೆ ಸರಳ ಕನ್ನಡದಲ್ಲಿ ಅರ್ಥ ಹೇಳು. ಬಾಡಿಗೆದಾರ ಏನು ಮಾಡಬೇಕು, ಮಾಲೀಕ ಏನು ಮಾಡಬೇಕು, ತಪ್ಪಿದರೆ ಏನಾಗುತ್ತದೆ ಎಂದು ಬೇರೆ ಬೇರೆ ಹೇಳು. ಕಾಗದದಲ್ಲಿ ಇಲ್ಲದ್ದನ್ನು ಸೇರಿಸಬೇಡ. ಕಾಗದ ಏನೂ ಹೇಳದಿದ್ದರೆ "ಇಲ್ಲಿ ಹೇಳಿಲ್ಲ" ಎಂದು ಬರೆ. ಕಾನೂನಿನ ಬಗ್ಗೆ ಈಗ ಏನೂ ಬೇಡ.

ಕರಾರು ಇಂಗ್ಲಿಷಿನಲ್ಲಿದ್ದರೆ ಮೂಲ ವಾಕ್ಯ ಇಂಗ್ಲಿಷಿನಲ್ಲೇ ಇರಲಿ, ಅರ್ಥ ಮಾತ್ರ ಕನ್ನಡದಲ್ಲಿ ಬರಲಿ. ಇಡೀ ಕರಾರನ್ನು ಮೊದಲು ಅನುವಾದಿಸಿ, ಆ ಅನುವಾದವನ್ನು ವಿವರಿಸಲು ಹೇಳಿದರೆ ತಪ್ಪುಗಳು ಒಂದರ ಮೇಲೊಂದು ಕೂರುತ್ತವೆ.

ಈ ಕೋರಿಕೆಗಳಲ್ಲಿ ಹೆಚ್ಚು ಕೆಲಸ ಮಾಡುವುದು "ಇಲ್ಲಿ ಹೇಳಿಲ್ಲ" ಎಂಬುದು. ಠೇವಣಿ ಹಿಂದಿರುಗಿಸಬೇಕು ಎಂದಿದೆ, ಎಷ್ಟು ದಿನದೊಳಗೆ ಎಂದಿಲ್ಲ. ದುರಸ್ತಿ ಬಾಡಿಗೆದಾರನದು ಎಂದಿದೆ, ನೀರಿನ ಪೈಪು ಒಡೆದರೆ ಅದೂ ದುರಸ್ತಿಯೇ ಎಂದಿಲ್ಲ. ಬಾಡಿಗೆ ಏರಿಸಬಹುದು ಎಂದಿದೆ, ಎಷ್ಟು ಎಂದಿಲ್ಲ. ಕರಾರಿನಲ್ಲಿ ಬರೆದದ್ದಕ್ಕೆ ಸಿಟ್ಟಾಗುವವರು ಬರೆಯದೆ ಬಿಟ್ಟದ್ದನ್ನು ಗಮನಿಸುವುದೇ ಇಲ್ಲ. ಮುದ್ರಿತ ಪ್ರತಿಯಲ್ಲಿ ಅರ್ಥವಾದ ಷರತ್ತುಗಳಿಗೆ ಒಂದು ಬಣ್ಣದಲ್ಲಿ ಗುರುತು ಹಾಕಿ, ಮೌನವಿರುವ ಕಡೆ ಇನ್ನೊಂದು ಬಣ್ಣದಲ್ಲಿ.

"ಸದರಿ" ಎಂಬ ಪದದ ಮೇಲೆ ವಿಶೇಷ ಕಣ್ಣಿರಲಿ. ಒಂದೇ ಷರತ್ತಿನಲ್ಲಿ ಮುಂಗಡ ಬಾಡಿಗೆ, ಠೇವಣಿ, ನಿರ್ವಹಣಾ ಶುಲ್ಕ ಮೂರೂ ಬಂದು, ಕೊನೆಗೆ "ಸದರಿ ಮೊತ್ತವನ್ನು ಹಿಂದಿರುಗಿಸತಕ್ಕದ್ದಲ್ಲ" ಎಂದಿದ್ದರೆ ಯಾವ ಮೊತ್ತ? ಚಾಟ್‌ಬಾಟ್ ಒಂದನ್ನು ಆರಿಸಿಕೊಂಡು ಮುಂದೆ ಸಾಗುತ್ತದೆ. ಆರಿಸಿಕೊಂಡೆ ಎಂದು ತಾನಾಗಿ ಹೇಳುವುದು ಅಪರೂಪ. ಅಂಥ ಕಡೆ ಈ ವಾಕ್ಯವನ್ನು ಇನ್ನೊಂದು ರೀತಿಯಲ್ಲಿ ಓದಲು ಸಾಧ್ಯವೇ, ಎರಡೂ ಓದುಗಳನ್ನು ಬರೆ ಎಂದು ಕೇಳಿ. ಎರಡು ಓದು ನಿಜವಾಗಿಯೂ ಸಾಧ್ಯವಿದ್ದರೆ ಅದು ಸಹಿಗೆ ಮೊದಲು ತಿದ್ದಿಸಬೇಕಾದ ವಾಕ್ಯ.

## ಹಂತ 5: ಷರತ್ತುಗಳನ್ನು ಒಂದಕ್ಕೊಂದು ಕಟ್ಟಿ ನೋಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ನನ್ನ ಸೋದರಳಿಯ ಜಾರಿದ್ದೂ ಇಲ್ಲೇ, ಆದ್ದರಿಂದ ಅವನ ಕರಾರನ್ನೇ ಬಿಡಿಸಿ ತೋರಿಸುತ್ತೇನೆ. ಅದರಲ್ಲಿ ಇದ್ದದ್ದು ಇಷ್ಟು:

> 4. ಈ ಕರಾರು ಜೂನ್ 1ರಿಂದ 24 ತಿಂಗಳ ಅವಧಿಗೆ ಜಾರಿಯಲ್ಲಿರತಕ್ಕದ್ದು.
>
> 7. ಮೊದಲ 12 ತಿಂಗಳೊಳಗೆ ಬಾಡಿಗೆದಾರರು ಮನೆಯನ್ನು ತೆರವು ಮಾಡತಕ್ಕದ್ದಲ್ಲ. ಮಾಡಿದಲ್ಲಿ ಸದರಿ 12 ತಿಂಗಳಲ್ಲಿ ಉಳಿದ ಅವಧಿಯ ಬಾಡಿಗೆಗೆ ಹೊಣೆಗಾರರಾಗಿರತಕ್ಕದ್ದು.
>
> 11. ಷರತ್ತು 7ಕ್ಕೆ ಒಳಪಟ್ಟು, ಉಭಯ ಪಕ್ಷದವರಲ್ಲಿ ಯಾರೇ ಆದರೂ 60 ದಿನಗಳ ಲಿಖಿತ ನೋಟಿಸ್ ನೀಡಿ ಕರಾರನ್ನು ಕೊನೆಗೊಳಿಸಬಹುದು.
>
> 13. ಮೂರು ತಿಂಗಳ ಬಾಡಿಗೆಗೆ ಸಮನಾದ ಠೇವಣಿಯನ್ನು ಬಾಕಿ ಹಾಗೂ ಅನುಬಂಧ 2ರ ವೆಚ್ಚಗಳನ್ನು ಕಳೆದು ಹಿಂದಿರುಗಿಸತಕ್ಕದ್ದು.

ಅನುಬಂಧ 2ರಲ್ಲಿ ಒಂದೇ ಸಾಲು: ಮನೆ ಬಿಡುವಾಗ ಬಣ್ಣ ಮತ್ತು ಶುಚಿಗೆ ಒಂದು ತಿಂಗಳ ಬಾಡಿಗೆ.

ಅವನು ಚಾಟ್‌ಬಾಟ್‌ಗೆ ಅಂಟಿಸಿದ್ದು 11ನೆಯ ಷರತ್ತನ್ನು ಮಾತ್ರ. 60 ದಿನ ಮುಂಚೆ ತಿಳಿಸಿದರೆ ಯಾವಾಗ ಬೇಕಾದರೂ ಹೊರಡಬಹುದು ಎಂಬ ವಿವರಣೆ ಬಂದಿತು. "ಷರತ್ತು 7ಕ್ಕೆ ಒಳಪಟ್ಟು" ಎಂಬ ಮೂರು ಪದ ವಿವರಣೆಯಲ್ಲಿ ಕರಗಿಹೋಗಿದ್ದವು. ಫೆಬ್ರುವರಿ ಕೊನೆಗೆ, ಅಂದರೆ ಒಂಬತ್ತು ತಿಂಗಳು ತುಂಬಿದಾಗ, ನೋಟಿಸ್ ಕೊಟ್ಟೇ ಮನೆ ಬಿಟ್ಟ.

ಕಾಗದದ ಪ್ರಕಾರ ಲೆಕ್ಕ ಹೀಗೆ. 7ನೆಯ ಷರತ್ತಿನಂತೆ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ಬಾಡಿಗೆ ಬಾಕಿ. ಅನುಬಂಧ 2ರಂತೆ ಇನ್ನೊಂದು ತಿಂಗಳದ್ದು. ಒಟ್ಟು ನಾಲ್ಕು ತಿಂಗಳ ಬಾಡಿಗೆ. ಕೈಯಲ್ಲಿದ್ದ ಠೇವಣಿ ಮೂರು ತಿಂಗಳದ್ದು. ಠೇವಣಿ ಪೂರ್ತಿ ಬರುತ್ತದೆ ಎಂದು ಕಾಯುತ್ತಿದ್ದವನಿಗೆ ಇನ್ನೂ ಒಂದು ತಿಂಗಳ ಬಾಡಿಗೆ ಕೊಡು ಎಂಬ ಪತ್ರ ಬಂದಿತು.

ನಾಲ್ಕು ಷರತ್ತುಗಳನ್ನೂ ಅನುಬಂಧವನ್ನೂ ಒಟ್ಟಿಗೆ ಕೊಟ್ಟು, ಬಾಡಿಗೆದಾರ ಫೆಬ್ರುವರಿ ಕೊನೆಗೆ ಹೊರಟರೆ ಏನೇನು ಕೊಡಬೇಕು, ಯಾವ ಷರತ್ತಿನ ಪ್ರಕಾರ ಎಂದು ಕೇಳಿದಾಗ ಅದೇ ಚಾಟ್‌ಬಾಟ್‌ನಲ್ಲಿ ಈ ಲೆಕ್ಕ ಸರಿಯಾಗಿ ಬಂದಿತು. ಯಂತ್ರ ಅದೇ, ಕಾಗದವೂ ಅದೇ, ಕೇಳಿದ ರೀತಿ ಬೇರೆ. ಆದ್ದರಿಂದ ಭಾಗ ಮಾಡಿ ಓದಿಸಿದ ಮೇಲೆ ಸಂಬಂಧವಿರುವ ಷರತ್ತುಗಳನ್ನು ಮತ್ತೆ ಒಟ್ಟಿಗೆ ಇಡುವುದು ಕಡ್ಡಾಯ. ಹೀಗೆ ಬರೆಯಿರಿ:

> ಈ ಕರಾರಿನಲ್ಲಿ ಒಂದು ಷರತ್ತು ಇನ್ನೊಂದನ್ನು ಬದಲಿಸುವ, ಮಿತಿಗೊಳಿಸುವ ಅಥವಾ ಅದಕ್ಕೆ ವಿರುದ್ಧವಾಗುವ ಎಲ್ಲ ಜಾಗಗಳನ್ನು ಮೂಲ ಪದಗಳೊಂದಿಗೆ ತೋರಿಸು.

ಮುದ್ರಿತ ಪ್ರತಿಯಲ್ಲೂ ಈ ಕೊಂಡಿಗಳನ್ನು ನೀವೇ ಹುಡುಕಿ: "ಒಳಪಟ್ಟು", "ಹೊರತುಪಡಿಸಿ", "ಏನೇ ಇದ್ದಾಗ್ಯೂ", "ಮಾಲೀಕರ ವಿವೇಚನೆಗೆ ಬಿಟ್ಟದ್ದು". "ಒಳಪಟ್ಟು" ಎಂದರೆ ಬೇರೆ ಷರತ್ತು ಇದಕ್ಕಿಂತ ಮೇಲು. "ಏನೇ ಇದ್ದಾಗ್ಯೂ" ಎಂದರೆ ಇದು ಬೇರೆಯವಕ್ಕಿಂತ ಮೇಲು. "ವಿವೇಚನೆ" ಇರುವಲ್ಲಿ ಅಳತೆಯೇ ಇಲ್ಲ, ಮಾಲೀಕರು ಹೇಳಿದ್ದೇ ಮಾತು.

ಆಮೇಲೆ ನಿಮ್ಮ ಬದುಕಿನಲ್ಲಿ ನಡೆಯಬಹುದಾದ ಮೂರು ನಾಲ್ಕು ಸಂದರ್ಭಗಳನ್ನು ಇದೇ ರೀತಿ ಹಾಕಿ ನೋಡಿ. ಕೆಲಸ ಬದಲಾಗಿ ಬೇಗ ಹೊರಡಬೇಕಾಯಿತು. ಮಾಲೀಕರೇ ಬಿಡಿ ಎಂದರು. ಒಂದು ತಿಂಗಳ ಬಾಡಿಗೆ ತಡವಾಯಿತು. ಅವಧಿ ಮುಗಿದ ಮೇಲೂ ಹೊಸ ಕರಾರಿಲ್ಲದೆ ಅಲ್ಲೇ ಇದ್ದೀರಿ. ಕೊನೆಯ ಸಂದರ್ಭದಲ್ಲಿ ಹೆಚ್ಚಿನ ಬಾಡಿಗೆಯೋ ದಂಡವೋ ಅಡಗಿರಬಹುದು.

## ಹಂತ 6: ದಿನ ಎಣಿಸುವುದನ್ನು ಯಂತ್ರಕ್ಕೆ ಬಿಡಬೇಡಿ

ಅದೇ ಕರಾರಿನಲ್ಲಿ 12 ತಿಂಗಳು ತುಂಬುವುದು ಮೇ 31ಕ್ಕೆ. ಆ ದಿನವೇ ಹೊರಡಬೇಕಾದರೆ ನೋಟಿಸ್ ಯಾವತ್ತು ಕೊಡಬೇಕು? ಕ್ಯಾಲೆಂಡರ್ ಮುಂದಿಟ್ಟುಕೊಂಡು ಬೆರಳಿಟ್ಟು ಎಣಿಸಿ. ನೋಟಿಸ್ ತಲುಪಿದ ದಿನವನ್ನು ಬಿಟ್ಟು ಎಣಿಸಿದರೆ ಏಪ್ರಿಲ್ 1, ಆ ದಿನವನ್ನೂ ಸೇರಿಸಿ ಎಣಿಸಿದರೆ ಏಪ್ರಿಲ್ 2. ಕಳುಹಿಸಿದ ದಿನದಿಂದಲೋ ತಲುಪಿದ ದಿನದಿಂದಲೋ ಎಂಬುದು ಇನ್ನೊಂದು ಪ್ರಶ್ನೆ. 11ನೆಯ ಷರತ್ತು ಎರಡಕ್ಕೂ ಉತ್ತರ ಕೊಡುವುದಿಲ್ಲ.

ಚಾಟ್‌ಬಾಟ್ ದಿನ ಎಣಿಸುವಾಗ ಒಂದೆರಡು ದಿನ ತಪ್ಪುವುದುಂಟು, "ಎರಡು ತಿಂಗಳು" ಮತ್ತು "60 ದಿನ"ಗಳನ್ನು ಒಂದೇ ಎಂದು ತಿಳಿಯುವುದೂ ಉಂಟು. ಲೆಕ್ಕದ ಸಾಲುಗಳನ್ನು ಬರೆಸಿ, ಕೂಡುವುದು ಕಳೆಯುವುದನ್ನು ನೀವೇ ಮಾಡಿ. ನೋಟಿಸನ್ನು ಕೊನೆಯ ದಿನದವರೆಗೆ ತಡೆಯದೆ ಒಂದು ವಾರ ಮುಂಚೆ ಕೊಟ್ಟು, ತಲುಪಿದ್ದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆದುಕೊಳ್ಳಿ.

ಇನ್ನೊಂದು ತೊಡಕೂ ಇಲ್ಲಿದೆ. ಮೊದಲ 12 ತಿಂಗಳೊಳಗೆ ಕೊಟ್ಟ ನೋಟಿಸ್ ಸಿಂಧುವೇ, ಅಥವಾ 12 ತಿಂಗಳು ಮುಗಿದ ಮೇಲೆ ಕೊಟ್ಟು ಅಲ್ಲಿಂದ 60 ದಿನ ಎಣಿಸಬೇಕೇ? 7ನೆಯ ಷರತ್ತು ತೆರವು ಮಾಡಬಾರದು ಎನ್ನುತ್ತದೆ, ನೋಟಿಸ್ ಕೊಡಬಾರದು ಎನ್ನುವುದಿಲ್ಲ. ಎರಡು ಓದಿಗೂ ಜಾಗವಿದೆ, ನಡುವೆ ಇರುವುದು ಎರಡು ತಿಂಗಳ ಬಾಡಿಗೆ. ಇಂಥದ್ದನ್ನು ಸಹಿಗೆ ಮೊದಲು ಒಂದು ಸಾಲು ಸೇರಿಸಿ ಬಗೆಹರಿಸಿಕೊಳ್ಳಬಹುದು: "12 ತಿಂಗಳ ಅಂತ್ಯಕ್ಕೆ ತೆರವು ಮಾಡಲು ಅದಕ್ಕೆ 60 ದಿನ ಮುಂಚಿತವಾಗಿ ನೋಟಿಸ್ ನೀಡಬಹುದು."

## ಹಂತ 7: ಹೊಸ ಮಾತುಕತೆಯಲ್ಲಿ ಮರುಪರೀಕ್ಷೆ

ಒಂದೇ ಮಾತುಕತೆಯಲ್ಲಿ ಮೊದಲು ಬಂದ ತಪ್ಪು ಕೊನೆಯವರೆಗೂ ಹಿಂಬಾಲಿಸುತ್ತದೆ. ಹೊಸದಾಗಿ ತೆರೆದು, ಮುಖ್ಯವಾದ ಮೂರು ನಾಲ್ಕು ಷರತ್ತುಗಳನ್ನು ಮತ್ತೆ ಕೊಟ್ಟು ಕೇಳಿ. ಆಗ ಪ್ರಶ್ನೆಯಲ್ಲಿ ನಿಮ್ಮ ಆಸೆ ಇಣುಕದಂತೆ ನೋಡಿಕೊಳ್ಳಿ. "ಬಣ್ಣದ ಹಣ ಹಿಡಿಯುವುದು ಅನ್ಯಾಯ ಅಲ್ಲವೇ?" ಎಂದು ಕೇಳಿದರೆ ಹೌದು ಎನ್ನುವ ಕಡೆಗೇ ಉತ್ತರ ವಾಲುತ್ತದೆ. ಮಾಲೀಕರ ಕಡೆಯಿಂದ "ಬಣ್ಣದ ಹಣ ಹಿಡಿಯಲು ನನಗೆ ಹಕ್ಕಿದೆ ತಾನೇ?" ಎಂದರೆ ಆ ಕಡೆಗೂ ವಾಲುತ್ತದೆ. "ಬಣ್ಣದ ವೆಚ್ಚದ ಬಗ್ಗೆ ಈ ಕಾಗದ ಏನು ಹೇಳುತ್ತದೆ?" ಎಂದಷ್ಟೇ ಕೇಳಿ.

ಬೇಕೆಂದೇ ಎರಡೂ ಕಡೆಯಿಂದ ಕೇಳಿ ನೋಡುವುದೂ ಒಳ್ಳೆಯದು. ಇಬ್ಬರಿಗೂ ಅದೇ ಮೂಲ ವಾಕ್ಯ, ಅದೇ ಅರ್ಥ ಸಿಕ್ಕರೆ ಓದು ಗಟ್ಟಿ. ಇಬ್ಬರನ್ನೂ ಗೆಲ್ಲಿಸಿದರೆ ಆ ಷರತ್ತು ಅಸ್ಪಷ್ಟ, ನಿಮ್ಮ ಎರಡನೆಯ ಬಣ್ಣದ ಗುರುತು ಅಲ್ಲಿಗೆ ಹೋಗಬೇಕು.

## ನಿಲ್ಲಿಸಿ ಮೂಲ ನೋಡಬೇಕಾದ ಸೂಚನೆಗಳು

ವಿವರಣೆಯಲ್ಲಿ "ಸಾಮಾನ್ಯವಾಗಿ", "ಬಹುತೇಕ ಕರಾರುಗಳಲ್ಲಿ" ಎಂಬ ಮಾತು ಬಂದರೆ ಅದು ನಿಮ್ಮ ಕಾಗದವನ್ನು ಬಿಟ್ಟು ಎಲ್ಲೋ ಓದಿದ್ದನ್ನು ಹೇಳುತ್ತಿದೆ. ಉಲ್ಲೇಖಿಸಿದ ವಾಕ್ಯ ಮುದ್ರಿತ ಪ್ರತಿಯಲ್ಲಿ ಅಕ್ಷರಶಃ ಸಿಗದಿದ್ದರೆ ಆ ಉತ್ತರವನ್ನು ಪೂರ್ತಿ ಕೈಬಿಡಿ, ಅರ್ಧ ನಂಬಬೇಡಿ. ನೀವು "ಹಾಗಲ್ಲ ಅನಿಸುತ್ತದೆ" ಎಂದ ಕೂಡಲೇ ಕ್ಷಮೆ ಕೇಳಿ ಅಭಿಪ್ರಾಯ ಬದಲಿಸಿದರೆ, ಮೊದಲಿನದಕ್ಕೂ ಈಗಿನದಕ್ಕೂ ಆಧಾರವಾದ ಪದಗಳನ್ನು ತೋರಿಸಲು ಹೇಳಿ. ಕೇಳದೆಯೇ ಕಾಯ್ದೆಯ ಸೆಕ್ಷನ್ ಸಂಖ್ಯೆಯನ್ನೋ ನ್ಯಾಯಾಲಯದ ತೀರ್ಪನ್ನೋ ಉದಾಹರಿಸತೊಡಗಿದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಲ್ಲಿಗೆ ಅದು ಎರಡನೆಯ ಪ್ರಶ್ನೆಗೆ ಕಾಲಿಟ್ಟಿದೆ.

## ಎರಡನೆಯ ಪ್ರಶ್ನೆ: ಇಲ್ಲಿ ವಕೀಲರೇ ಬೇಕು

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದರಲ್ಲಿ ವಕೀಲರು ಸಲ್ಲಿಸಿದ ಅರ್ಜಿಯಲ್ಲಿ ಇದ್ದ ಹಲವು ತೀರ್ಪುಗಳು ಎಲ್ಲಿಯೂ ಇರಲಿಲ್ಲ. ಚಾಟ್‌ಜಿಪಿಟಿ ಅವುಗಳನ್ನು ಹೆಸರು, ಸಂಖ್ಯೆಗಳ ಸಮೇತ ಸೃಷ್ಟಿಸಿತ್ತು. ವಕೀಲರು ಇವು ನಿಜವೇ ಎಂದು ಅದನ್ನೇ ಕೇಳಿ ಸಮಾಧಾನಪಟ್ಟುಕೊಂಡಿದ್ದರು. ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಅದೇ ನಗರದ ಆಡಳಿತ 2023ರ ಅಕ್ಟೋಬರ್‌ನಲ್ಲಿ ತಾನೇ ಒಂದು ಚಾಟ್‌ಬಾಟ್ ಆರಂಭಿಸಿತ್ತು. ಬಾಡಿಗೆ ಹಣಕ್ಕೆ ಸರ್ಕಾರದ ನೆರವು ಪಡೆಯುವವರನ್ನು ಮಾಲೀಕರು ನಿರಾಕರಿಸಬಹುದು ಎಂಬಂಥ ಉತ್ತರಗಳನ್ನು ಅದು ಕೊಡುತ್ತಿದೆ ಎಂದು 2024ರ ಮಾರ್ಚ್‌ನಲ್ಲಿ ಪತ್ರಕರ್ತರು ಬಯಲಿಗೆ ತಂದರು. ಆ ನಗರದ ಕಾನೂನು ಹೇಳುವುದು ಅದಕ್ಕೆ ತದ್ವಿರುದ್ಧ. ಕಾನೂನು ಬಲ್ಲವರೂ ನಗರಾಡಳಿತವೂ ಎಡವಿದ ಜಾಗವಿದು.

ಎಡವಲು ಕಾರಣ ಸರಳ. ಬಾಡಿಗೆ ಕಾನೂನು ದೇಶಕ್ಕೊಂದು, ರಾಜ್ಯಕ್ಕೊಂದು, ಕೆಲವೆಡೆ ನಗರಕ್ಕೊಂದು. ಅದು ತಿದ್ದುಪಡಿಯಾಗುತ್ತಲೇ ಇರುತ್ತದೆ. ಚಾಟ್‌ಬಾಟ್ ಒಂದು ಊರಿನ ನಿಯಮವನ್ನು ಇನ್ನೊಂದು ಊರಿಗೆ, ಹಳೆಯದನ್ನು ಹೊಸದಕ್ಕೆ ಬೆರೆಸಿದರೆ ನಿಮ್ಮ ಮುಂದಿರುವ ಕಾಗದ ನೋಡಿ ಅದನ್ನು ಹಿಡಿಯಲು ಆಗುವುದಿಲ್ಲ.

ನನ್ನ ಸೋದರಳಿಯನ ವಿಷಯಕ್ಕೇ ಮರಳುತ್ತೇನೆ. ಕಾಗದದ ಪ್ರಕಾರ ಅವನು ನಾಲ್ಕು ತಿಂಗಳ ಬಾಡಿಗೆಗೆ ಹೊಣೆ, ಸರಿ. ಆದರೆ ಕರಾರಿನಲ್ಲಿ ಬರೆದ ಮೊತ್ತವನ್ನೆಲ್ಲ ನ್ಯಾಯಾಲಯಗಳು ಕೊಡಿಸಿಯೇ ಬಿಡುತ್ತವೆ ಎಂದೇನಿಲ್ಲ. ಮಾಲೀಕರಿಗೆ ನಿಜವಾಗಿ ಎಷ್ಟು ನಷ್ಟವಾಯಿತು, ಮನೆಗೆ ಹೊಸ ಬಾಡಿಗೆದಾರರು ಯಾವಾಗ ಬಂದರು ಎಂಬುದನ್ನು ನೋಡುವ ಪದ್ಧತಿ ಅನೇಕ ಕಡೆ ಇದೆ. ವಕೀಲರು ಅವನನ್ನು ಕೇಳಿದ ಮೊದಲ ಪ್ರಶ್ನೆಯೇ "ಆ ಮನೆಯಲ್ಲಿ ಈಗ ಯಾರಿದ್ದಾರೆ?" ಎಂಬುದು. ಮಾರ್ಚ್ ಮಧ್ಯದಲ್ಲೇ ಬೇರೆಯವರು ಬಂದಿದ್ದರು. ಈ ಸಂಗತಿ ಕರಾರಿನ ಯಾವ ಪುಟದಲ್ಲೂ ಇರಲಿಲ್ಲ, ಅವನೂ ಎಲ್ಲಿಯೂ ಬರೆದಿರಲಿಲ್ಲ, ಮುಖ್ಯವೆಂದು ಅವನಿಗೆ ಗೊತ್ತೇ ಇರಲಿಲ್ಲ. ವಕೀಲರು ಮಾಡುವ ಕೆಲಸದ ದೊಡ್ಡ ಪಾಲು ಇದೇ: ನಾವು ಹೇಳದೆ ಬಿಟ್ಟದ್ದನ್ನು ಕೇಳಿ ಹೊರಗೆ ತೆಗೆಯುವುದು.

ಹೀಗಾಗಿ ಈ ಸಂದರ್ಭಗಳಲ್ಲಿ ನೇರವಾಗಿ ವಕೀಲರ ಬಳಿ ಹೋಗಿ, ಚಾಟ್‌ಬಾಟ್‌ನ ಮುಂದೆ ಕುಳಿತು ದಿನ ಕಳೆಯಬೇಡಿ.

ತೆರವು ನೋಟಿಸ್, ನ್ಯಾಯಾಲಯದ ಸಮನ್ಸ್ ಅಥವಾ ವಕೀಲರ ಪತ್ರ ಕೈಗೆ ಬಂದಾಗ. ಅದಕ್ಕೆ ಉತ್ತರಿಸಲು ಗಡುವು ಇರುತ್ತದೆ, ಗಡುವು ತಪ್ಪಿದರೆ ನಿಮ್ಮ ಕಡೆಯ ಮಾತು ಕೇಳದೆಯೇ ಆದೇಶವಾಗಬಹುದು.

ಕರಾರಿಗೆ ಸಹಿ ಹಾಕುತ್ತಿರುವವರಿಗೆ ಆ ಅಧಿಕಾರ ಇದೆಯೇ ಎಂಬ ಸಂದೇಹ ಬಂದಾಗ. ಮನೆ ಹಲವರ ಹೆಸರಿನಲ್ಲಿದೆ, ಮಾಲೀಕರ ಪರವಾಗಿ ಬೇರೊಬ್ಬರು ಸಹಿ ಮಾಡುತ್ತಿದ್ದಾರೆ, ಮನೆಯ ಮೇಲೆ ಸಾಲವಿದೆ, ದಾವೆ ನಡೆಯುತ್ತಿದೆ. ಇವು ಕರಾರು ಓದಿ ತಿಳಿಯುವ ಸಂಗತಿಗಳಲ್ಲ, ದಾಖಲೆ ತೆಗೆಸಿ ನೋಡಬೇಕಾದವು.

ಕರಾರನ್ನು ನೋಂದಾಯಿಸಬೇಕೇ, ಎಷ್ಟು ಮೌಲ್ಯದ ಛಾಪಾ ಕಾಗದ ಬೇಕು, ಹಾಗೆ ಮಾಡದಿದ್ದರೆ ಮುಂದೆ ಅದು ಸಾಕ್ಷ್ಯವಾಗಿ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಎದ್ದಾಗ. ಹಾಗೆಯೇ ಅಂಗಡಿ, ಕಚೇರಿಯಂಥ ವ್ಯಾಪಾರದ ಜಾಗವನ್ನು ದೀರ್ಘ ಅವಧಿಗೆ ತೆಗೆದುಕೊಳ್ಳುವಾಗ ಅಥವಾ ಬೇರೊಬ್ಬರ ಬಾಡಿಗೆಗೆ ನೀವು ಜಾಮೀನು ನಿಲ್ಲುವಾಗ.

ಇನ್ನೊಂದು ಮಾತು. ವಕೀಲರಿಗೆ ಹೇಳಿದ್ದಕ್ಕೆ ಕಾನೂನಿನ ಗೋಪ್ಯತೆಯ ರಕ್ಷಣೆ ಇರುತ್ತದೆ. ಚಾಟ್‌ಬಾಟ್‌ನಲ್ಲಿ ಬರೆದದ್ದಕ್ಕೂ ಅದೇ ರಕ್ಷಣೆ ಸಿಗುತ್ತದೆ ಎಂದು ಭಾವಿಸಬೇಡಿ. "ಎರಡು ತಿಂಗಳಿಂದ ಬಾಡಿಗೆ ಕಟ್ಟಿಲ್ಲ, ಗೋಡೆ ಒಡೆದದ್ದೂ ನಾನೇ, ಏನು ಮಾಡಲಿ?" ಎಂಬಂಥ ಮಾತು ಟೈಪ್ ಮಾಡುವುದಲ್ಲ, ವಕೀಲರೆದುರು ಕುಳಿತು ಹೇಳುವುದು.

## ಹಂತ 8: ವಕೀಲರಿಗೆ ಒಯ್ಯುವ ಒಂದು ಪುಟ

ಇಷ್ಟು ಹೊತ್ತು ಮಾಡಿದ ಕೆಲಸ ವಕೀಲರ ಬಳಿ ಹೋದಾಗ ಉಪಯೋಗಕ್ಕೆ ಬರುತ್ತದೆ. ಚಾಟ್‌ಬಾಟ್‌ನ ವಿವರಣೆಗಳನ್ನೆಲ್ಲ ಮುದ್ರಿಸಿ ಒಯ್ಯಬೇಡಿ. ಅವರಿಗೆ ಬೇಕಾದದ್ದು ಮೂಲ ಕರಾರು, ಅನುಬಂಧಗಳು, ಈವರೆಗಿನ ಪತ್ರ ಮತ್ತು ರಸೀದಿಗಳು, ಅವುಗಳ ಮೇಲೆ ಒಂದೇ ಒಂದು ಪುಟ. ಆ ಪುಟದಲ್ಲಿ ಮೊದಲು ದಿನಾಂಕಗಳ ಸರಣಿ: ಕರಾರು ಆರಂಭವಾದದ್ದು, ಠೇವಣಿ ಕೊಟ್ಟದ್ದು, ನೋಟಿಸ್ ತಲುಪಿದ್ದು, ಕೀಲಿ ಹಿಂದಿರುಗಿಸಿದ್ದು. ಅದರ ಕೆಳಗೆ ಎರಡನೆಯ ಬಣ್ಣದ ಗುರುತಿರುವ ಷರತ್ತುಗಳ ಸಂಖ್ಯೆ. ಕೊನೆಗೆ ಮೂರು ಪ್ರಶ್ನೆ.

ನನ್ನ ಸೋದರಳಿಯನ ಪುಟದಲ್ಲಿದ್ದ ಮೂರು ಪ್ರಶ್ನೆಗಳು ಇವು. 7ನೆಯ ಷರತ್ತಿನ ಮೂರು ತಿಂಗಳ ಬಾಡಿಗೆಯನ್ನು ಪೂರ್ತಿ ಕೇಳಲು ಅವರಿಗೆ ಹಕ್ಕಿದೆಯೇ? ಒಂಬತ್ತೇ ತಿಂಗಳು ಇದ್ದ ಮನೆಗೆ ಅನುಬಂಧ 2ರ ಬಣ್ಣದ ಹಣ ಪೂರ್ತಿ ಹಿಡಿಯಬಹುದೇ? ಠೇವಣಿ ಹಿಂದಿರುಗಿಸಲು ಕರಾರಿನಲ್ಲಿ ಗಡುವಿಲ್ಲದಿದ್ದರೂ ಇಲ್ಲಿಯ ಕಾನೂನಿನಲ್ಲಿ ಇದೆಯೇ? ವಕೀಲರು ಆ ಪುಟವನ್ನು ಎರಡು ನಿಮಿಷದಲ್ಲಿ ಓದಿದರು, ಉಳಿದ ಹೊತ್ತೆಲ್ಲ ಉತ್ತರಕ್ಕೇ ಸಂದಿತು.